ತುಟಿಗೊಂದು ಲೆಕ್ಕ, ಹುಬ್ಬಿಗೊಂದು ಲೆಕ್ಕ

ಬಣ್ಣದ ಫಿಲ್ಮು ಎಲ್ಲರ ಕೈಗೆಟಕುವ ಮೊದಲು, ಕಪ್ಪು-ಬಿಳುಪು ಫೋಟೋಗೆ ಕೈಯಿಂದ ಬಣ್ಣ ಹಚ್ಚಿ ಕೊಡುವುದು ಸ್ಟುಡಿಯೋಗಳ ನಿತ್ಯದ ಕೆಲಸವಾಗಿತ್ತು. ಹಚ್ಚುತ್ತಿದ್ದ ಎಣ್ಣೆಬಣ್ಣ ಪಾರದರ್ಶಕವಾದದ್ದು. ಕೆನ್ನೆ, ಹಣೆಗಳಂಥ ಅಗಲದ ಜಾಗಕ್ಕೆ ಹತ್ತಿಯ ಉಂಡೆಯಲ್ಲಿ ಬಣ್ಣ ತೆಗೆದುಕೊಂಡು ತೆಳ್ಳಗೆ ಉಜ್ಜುತ್ತಿದ್ದರು. ತುಟಿಗೆ, ಕಣ್ಣಿನ ಮೂಲೆಗೆ ಕಡ್ಡಿಯ ತುದಿಗೆ ಸುತ್ತಿದ ಚೂರು ಹತ್ತಿ ಸಾಕಾಗುತ್ತಿತ್ತು. ಹುಬ್ಬಿಗೆ ಸಪೂರ ಕುಂಚ ಅಥವಾ ಪೆನ್ಸಿಲ್. ಬಣ್ಣ ಪಾರದರ್ಶಕವಾದ್ದರಿಂದ ಅದರ ಕೆಳಗಿನ ಫೋಟೋದ ನೆರಳು-ಬೆಳಕು ಹಾಗೆಯೇ ಕಾಣುತ್ತಿತ್ತು. ತುಟಿ ಕೆಂಪಾದರೂ ಅದರ ಮೇಲಿನ ಹೊಳಪು ಫೋಟೋದ್ದೇ, ಕೆನ್ನೆಗೆ ಗುಲಾಬಿ ಬಂದರೂ ಅದರ ಉಬ್ಬು-ತಗ್ಗು ಫೋಟೋದ್ದೇ.

ಆ ಕೆಲಸಗಾರರು ಯಾರೂ ಮುಖವನ್ನು ಒಂದೇ ವಸ್ತುವೆಂದು ನೋಡಲಿಲ್ಲ. ಚರ್ಮಕ್ಕೆ ಒಂದು ಕೈ, ತುಟಿಗೆ ಇನ್ನೊಂದು, ಹುಬ್ಬಿಗೆ ಮತ್ತೊಂದು. ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ವಿದ್ಯೆ ಬೆಳೆದಾಗ ಈ ತಿಳಿವಳಿಕೆ ಅದರ ಜೊತೆಗೆ ಬರಲಿಲ್ಲ. ಎರಡು ಚಿತ್ರಗಳನ್ನು ಬೆರೆಸುವ ಒಳ್ಳೆಯ ಸೂತ್ರಗಳು 1980ರ ದಶಕದಲ್ಲೇ ಸಿದ್ಧವಾಗಿದ್ದವು. ಆದರೆ ಮುಖದಲ್ಲಿ ಇದು ತುಟಿ, ಇದು ಹುಬ್ಬು, ಇದು ಕೂದಲು ಎಂದು ಬೇರ್ಪಡಿಸಿ ಒಂದೊಂದನ್ನೂ ಒಂದೊಂದು ರೀತಿಯಲ್ಲಿ ಬೆರೆಸುವುದು ತಂತ್ರಾಂಶಗಳಿಗೆ ಸಾಧ್ಯವಾಗಲು ಇನ್ನೂ ಸುಮಾರು ಮೂವತ್ತು ವರ್ಷ ಹಿಡಿಯಿತು. ಇವತ್ತು ಫೋನಿನ ಕ್ಯಾಮೆರಾದಲ್ಲಿ ಬೆರಳು ಒತ್ತಿದೊಡನೆ ಚರ್ಮ ನುಣುಪಾಗಿ, ತುಟಿಗೆ ರಂಗೇರಿ, ಹುಬ್ಬು ಮಾತ್ರ ಇದ್ದ ಹಾಗೆಯೇ ಉಳಿಯುವುದರ ಹಿಂದೆ ಈ ಕಥೆಯಿದೆ. ಹಣೆಯ ಬೊಟ್ಟು ಕೆಲವೊಮ್ಮೆ ಕಲೆಸಿಹೋಗುವುದಕ್ಕೂ ಕಾರಣ ಅದರಲ್ಲೇ ಇದೆ.

ಗೆರೆ ಮುಚ್ಚುವ ಕಾಲ

1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಚಿತ್ರದ ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿಯ ಜೊತೆಗೆ ನಾಲ್ಕನೆಯ ಅಂಕಿಯೊಂದನ್ನು ಸೇರಿಸಿದರು. ಆ ಪಿಕ್ಸೆಲ್ ಎಷ್ಟು ಅಪಾರದರ್ಶಕ ಎಂದು ಹೇಳುವ ಆ ಅಂಕಿಗೆ ಆಲ್ಫಾ ಎಂದು ಹೆಸರಾಯಿತು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅದರ ಗಣಿತವನ್ನು ಕ್ರಮಬದ್ಧಗೊಳಿಸಿದರು. ಲೆಕ್ಕ ಸರಳವಾದದ್ದು. ಆಲ್ಫಾ 0.6 ಇದ್ದರೆ ಮೇಲಿನ ಬಣ್ಣದ ನೂರಕ್ಕೆ ಅರವತ್ತು ಪಾಲು, ಕೆಳಗಿನ ಬಣ್ಣದ ನಲವತ್ತು ಪಾಲು ಸೇರಿ ಹೊಸ ಬಣ್ಣ.

ಅದಕ್ಕೆ ಒಂದು ವರ್ಷ ಮೊದಲು, 1983ರಲ್ಲಿ, ಆರ್‌ಸಿಎ ಕಂಪನಿಯ ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಅಡೆಲ್ಸನ್ ಬೇರೆ ದಾರಿಯೊಂದನ್ನು ತೋರಿಸಿದ್ದರು. ಅವರ ಪ್ರಬಂಧದಲ್ಲಿದ್ದ ಚಿತ್ರ ಇವತ್ತಿಗೂ ಪಾಠದ ಕೋಣೆಗಳಲ್ಲಿ ತಿರುಗುತ್ತಿದೆ: ಎಡಭಾಗ ಸೇಬು, ಬಲಭಾಗ ಕಿತ್ತಳೆ, ನಡುವೆ ಗೆರೆಯೇ ಇಲ್ಲದ ಒಂದು ಹಣ್ಣು. ಚಿತ್ರವನ್ನು ದಪ್ಪ ರೂಪದಿಂದ ಸಣ್ಣ ವಿವರದವರೆಗೆ ಹಲವು ಪದರಗಳಾಗಿ ಬಿಡಿಸಿ, ದಪ್ಪ ಪದರವನ್ನು ಅಗಲವಾದ ಪಟ್ಟಿಯಲ್ಲಿಯೂ ಸಣ್ಣ ವಿವರವನ್ನು ಕಿರಿದಾದ ಪಟ್ಟಿಯಲ್ಲಿಯೂ ಬೆರೆಸಿ ಮತ್ತೆ ಕೂಡಿಸುವುದು ಅವರ ಉಪಾಯ. 2003ರಲ್ಲಿ ಕೇಂಬ್ರಿಜ್‌ನ ಮೈಕ್ರೋಸಾಫ್ಟ್ ಸಂಶೋಧನಾಲಯದ ಪ್ಯಾಟ್ರಿಕ್ ಪೆರೇಜ್, ಮಿಶೆಲ್ ಗಾಂನೆ ಮತ್ತು ಆಂಡ್ರ್ಯೂ ಬ್ಲೇಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಂಟಿಸುವ ತುಂಡಿನಿಂದ ಬಣ್ಣವನ್ನು ತೆಗೆದುಕೊಳ್ಳದೆ, ಪಕ್ಕದ ಪಿಕ್ಸೆಲ್‌ಗಳ ನಡುವಿನ ಏರಿಳಿತವನ್ನು ಮಾತ್ರ ತೆಗೆದುಕೊಂಡು, ಅಂಚಿನ ಬಣ್ಣವನ್ನು ಕೆಳಗಿನ ಚಿತ್ರದಿಂದ ಎರವಲು ಪಡೆಯುವುದು ಅವರ ಕ್ರಮ. ಒಳಗಿನ ಬಣ್ಣ ಆ ಅಂಚಿಗೆ ಹೊಂದಿಕೊಳ್ಳುವಂತೆ ತಾನೇ ಲೆಕ್ಕವಾಗುತ್ತದೆ. ಇದಕ್ಕೆ ಪ್ವಾಸಾನ್ ಬೆರೆಕೆ ಎಂದು ಹೆಸರಾಯಿತು.

ಈ ಮೂರೂ ವಿಧಾನಗಳು ಕೇಳಿದ ಪ್ರಶ್ನೆ ಒಂದೇ: ಜೋಡಣೆಯ ಗೆರೆಯನ್ನು ಮುಚ್ಚುವುದು ಹೇಗೆ? ಗೆರೆಯ ಆಚೆ-ಈಚೆ ಏನಿದೆ ಎಂಬುದು ಆ ಸೂತ್ರಗಳಿಗೆ ಬೇಕಿರಲಿಲ್ಲ. ಸೇಬು-ಕಿತ್ತಳೆಗೆ ಅಷ್ಟು ಸಾಕು. ಮುಖಕ್ಕೆ ಸಾಲದು. ಒಂದು ಮುಖವನ್ನು ಇನ್ನೊಂದರ ಮೇಲೆ ಪ್ವಾಸಾನ್ ಕ್ರಮದಲ್ಲಿ ಕೂರಿಸುವಾಗ ಅಂಚಿನ ಗೆರೆ ಹಣೆಯ ಮೇಲೆ ಬಿದ್ದ ಕೂದಲನ್ನು ಹಾದುಹೋಯಿತೆನ್ನೋಣ. ಸೂತ್ರ ಅಂಚಿನ ಬಣ್ಣವನ್ನು ನಂಬುತ್ತದೆ. ಅಲ್ಲಿ ಕಪ್ಪು ಇದ್ದರೆ ಆ ಕಪ್ಪು ನೀರಿನಲ್ಲಿ ಶಾಯಿ ಹರಡಿದಂತೆ ಹಣೆಯೊಳಕ್ಕೆ ಇಳಿಯುತ್ತದೆ. ಗೆರೆ ಕಾಣುವುದಿಲ್ಲ, ನಿಜ. ಆದರೆ ಹಣೆಯ ಒಂದು ಪಕ್ಕ ಹೊಗೆ ಹಿಡಿದಂತಿರುತ್ತದೆ. ಕೂದಲು ಯಾವುದು, ಚರ್ಮ ಯಾವುದು ಎಂದು ಗೊತ್ತಿಲ್ಲದ ಸೂತ್ರಕ್ಕೆ ಇದು ತಪ್ಪೆಂದು ತಿಳಿಯುವ ದಾರಿಯೇ ಇಲ್ಲ.

ಸಿಂಗಪುರದ ಮೂರು ಭಾಗ

ಪ್ರಶ್ನೆ ಬದಲಾದದ್ದು ಪ್ರಸಾಧನದ ಮೂಲಕ. 2009ರಲ್ಲಿ ನ್ಯಾಷನಲ್ ಯೂನಿವರ್ಸಿಟಿ ಆಫ್ ಸಿಂಗಪುರದ ಡಾಂಗ್ ಗುವೊ ಮತ್ತು ಟೆರೆನ್ಸ್ ಸಿಮ್, ಒಬ್ಬರ ಮುಖದ ಮೇಕಪ್ಪನ್ನು ಫೋಟೋದಲ್ಲೇ ಇನ್ನೊಬ್ಬರ ಮುಖಕ್ಕೆ ಸಾಗಿಸುವ ವಿಧಾನವೊಂದನ್ನು ಪ್ರಕಟಿಸಿದರು. ಮುಖದ ಮೇಲೆ ಗುರುತು ಬಿಂದುಗಳನ್ನು ಇಟ್ಟು, ಅವುಗಳ ಆಧಾರದಿಂದ ಮುಖವನ್ನು ಭಾಗಗಳಾಗಿ ಒಡೆದದ್ದು ಅವರ ಮೊದಲ ಹೆಜ್ಜೆ. ಒಂದು ಭಾಗ ಚರ್ಮ. ಇನ್ನೊಂದು ತುಟಿ. ಮೂರನೆಯದು ಮೇಕಪ್ಪು ಮುಟ್ಟಲೇಬಾರದ ಜಾಗ, ಅಂದರೆ ಕಣ್ಣು ಮತ್ತು ಬಾಯಿಯ ಒಳಭಾಗ.

ಚರ್ಮದ ಮೇಲೆ ಅವರು ಮಾಡಿದ್ದು ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡುವ ಕೆಲಸ. ಪಿಕ್ಸೆಲ್ಲಿನ ಕೆಂಪು-ಹಸಿರು-ನೀಲಿಯ ಅಂಕಿಗಳನ್ನು ಮೊದಲು ಹೊಳಪು ಒಂದು ಕಡೆ, ಬಣ್ಣ ಎರಡು ಕಡೆ ಬರುವಂಥ ಲ್ಯಾಬ್ ಎಂಬ ಲೆಕ್ಕಕ್ಕೆ ಬದಲಾಯಿಸಿದರು. ಆ ಹೊಳಪನ್ನು ಮತ್ತೆ ಎರಡಾಗಿ ಒಡೆದರು: ಮೂಗು-ಕೆನ್ನೆಗಳ ಉಬ್ಬುತಗ್ಗನ್ನು ಹೇಳುವ ದಪ್ಪ ಪದರ, ರಂಧ್ರ-ಸುಕ್ಕು-ಕಲೆಗಳನ್ನು ಹೇಳುವ ಸಣ್ಣ ಪದರ. ಉಬ್ಬುತಗ್ಗಿನ ಪದರ ಮೂಲ ವ್ಯಕ್ತಿಯದ್ದೇ ಆಗಿರಬೇಕು, ಇಲ್ಲದಿದ್ದರೆ ಮುಖವೇ ಬದಲಾಗಿಬಿಡುತ್ತದೆ. ಬಣ್ಣ ಮತ್ತು ಸಣ್ಣ ವಿವರ ಮೇಕಪ್ಪು ಮಾಡಿದ ಮುಖದಿಂದ ಬರಬಹುದು.

ತುಟಿಗೆ ಈ ಕ್ರಮವನ್ನು ಅವರು ಅನ್ವಯಿಸಲಿಲ್ಲ. ಲಿಪ್‌ಸ್ಟಿಕ್ಕು ತುಟಿಯ ಬಣ್ಣವನ್ನಷ್ಟೇ ಅಲ್ಲ, ಹೊಳಪನ್ನೂ ಬದಲಾಯಿಸುತ್ತದೆ. ಆದ್ದರಿಂದ ಮೂಲ ತುಟಿಯ ಪ್ರತಿ ಪಿಕ್ಸೆಲ್‌ಗೂ, ಮೇಕಪ್ಪಿನ ತುಟಿಯಲ್ಲಿ ಅಷ್ಟೇ ಹೊಳಪಿನ ಮತ್ತು ಹೆಚ್ಚುಕಡಿಮೆ ಅದೇ ಜಾಗದ ಪಿಕ್ಸೆಲ್ಲನ್ನು ಹುಡುಕಿ ಅದನ್ನು ತಂದು ಕೂರಿಸಿದರು. ಹೊಳೆಯುವ ಜಾಗಕ್ಕೆ ಹೊಳೆಯುವ ಪಿಕ್ಸೆಲ್, ಮಡಿಕೆಯ ನೆರಳಿಗೆ ನೆರಳಿನ ಪಿಕ್ಸೆಲ್. ಒಂದೇ ಮುಖದೊಳಗೆ ಎರಡು ಭಾಗಕ್ಕೆ ಎರಡು ಗಣಿತ ಇರಬೇಕೆಂಬ ಮಾತು ಹೀಗೆ ಕಂಪ್ಯೂಟರಿನಲ್ಲಿ ಜಾರಿಗೆ ಬಂತು.

ಆದರೆ ಬಿಂದುಗಳಿಂದ ಎಳೆದ ಗೆರೆಗೆ ಮಿತಿಯಿತ್ತು. ತುಟಿಯ ಸುತ್ತ ಹತ್ತಿಪ್ಪತ್ತು ಬಿಂದುಗಳನ್ನಿಟ್ಟು ಸೇರಿಸಿದರೆ ತುಟಿಯ ಆಕಾರ ಬರುತ್ತದೆ. ಹುಬ್ಬಿಗೆ ಬರುವುದು ಒಂದು ದೋಣಿಯಾಕಾರ ಮಾತ್ರ, ಹುಬ್ಬಿನ ಕೂದಲಲ್ಲ. ತಲೆಗೂದಲಿಗಂತೂ ಬಿಂದು ಇಡುವ ಜಾಗವೇ ಇಲ್ಲ. ಕೂದಲಿನ ಆಕಾರ ಒಬ್ಬರಿಂದ ಒಬ್ಬರಿಗೆ ಪೂರ್ತಿ ಬೇರೆ. ಬಿಂದುವನ್ನು ಬಿಟ್ಟು ಪ್ರತಿ ಪಿಕ್ಸೆಲ್‌ಗೂ ಹೆಸರಿಡುವ ದಾರಿ ಬೇಕಾಗಿತ್ತು.

ಪ್ರತಿ ಪಿಕ್ಸೆಲ್‌ಗೊಂದು ಹೆಸರು

ಆ ದಾರಿಗೆ ಫೇಸ್ ಪಾರ್ಸಿಂಗ್ ಎಂದು ಹೆಸರು. ವ್ಯಾಕರಣದ ಪಾಠದಲ್ಲಿ ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯೆ ಎಂದು ಬಿಡಿಸುವಂತೆ ಮುಖವನ್ನು ಅದರ ಭಾಗಗಳಾಗಿ ಬಿಡಿಸುವುದು. 2013ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮತ್ತು ಅಡೋಬಿ ಕಂಪನಿಯ ಸಂಶೋಧಕರು ಹೆಲೆನ್ ಎಂಬ 2330 ಮುಖಚಿತ್ರಗಳ ಸಂಗ್ರಹವನ್ನು ತೆಗೆದುಕೊಂಡು ಹನ್ನೊಂದು ಹೆಸರುಗಳಲ್ಲಿ ಅವನ್ನು ಬಿಡಿಸಿದರು: ಹಿನ್ನೆಲೆ, ಚರ್ಮ, ಎರಡು ಹುಬ್ಬು, ಎರಡು ಕಣ್ಣು, ಮೂಗು, ಮೇಲ್ದುಟಿ, ಬಾಯಿಯ ಒಳಗು, ಕೆಳದುಟಿ, ಕೂದಲು. ಹಲವು ಮುಖಗಳಿಗೆ ಮೊದಲೇ ಹೆಸರಿಟ್ಟುಕೊಂಡು, ಹೊಸ ಮುಖಕ್ಕೆ ಹತ್ತಿರವಾದವುಗಳನ್ನು ಅದರ ಮೇಲೆ ಹೊಂದಿಸಿ, ಆ ಹೆಸರುಗಳನ್ನು ಇದಕ್ಕೆ ವರ್ಗಾಯಿಸುವುದು ಅವರ ವಿಧಾನ.

ಆಮೇಲಿನ ವರ್ಷಗಳಲ್ಲಿ ಈ ಕೆಲಸ ನರಜಾಲಗಳ ಕೈಗೆ ಹೋಯಿತು, ಅಂದರೆ ಉದಾಹರಣೆಗಳನ್ನು ನೋಡಿ ಕಲಿಯುವ ಲೆಕ್ಕಜಾಲಗಳ ಕೈಗೆ. 2016ರಲ್ಲಿ ಚೀನಾದ ಸಂಶೋಧಕರ ಒಂದು ತಂಡ ಮುಖವನ್ನು ಹೀಗೆ ಬಿಡಿಸಿ, ಫೌಂಡೇಶನ್, ಲಿಪ್ ಗ್ಲಾಸ್ ಮತ್ತು ಐ ಶಾಡೋಗಳನ್ನು ಬೇರೆ ಬೇರೆಯಾಗಿ ಸಾಗಿಸಿತು. 2018ರ ಬ್ಯೂಟಿಗ್ಯಾನ್ ಎಂಬ ವಿಧಾನದಲ್ಲಿ ತುಟಿಯ ಬಣ್ಣದ ಹಂಚಿಕೆಯನ್ನು ತುಟಿಯೊಂದಿಗೆ, ಕಣ್ಣಿನ ಸುತ್ತಲಿನದನ್ನು ಅಲ್ಲಿನದರೊಂದಿಗೆ, ಚರ್ಮವನ್ನು ಚರ್ಮದೊಂದಿಗೆ ಮಾತ್ರ ಹೋಲಿಸಿ ನೋಡುವ ನಿಯಮವಿತ್ತು. 2020ರಲ್ಲಿ ಮಾಸ್ಕ್‌ಗ್ಯಾನ್ ಪ್ರಬಂಧದ ಜೊತೆ 30,000 ಪ್ರಸಿದ್ಧರ ಮುಖಚಿತ್ರಗಳ ಸಂಗ್ರಹವೊಂದು ಬಂತು. ಪ್ರತಿ ಚಿತ್ರಕ್ಕೂ ಮನುಷ್ಯರು ಕೈಯಿಂದ ಗುರುತಿಸಿದ ಮಾಸ್ಕುಗಳು, ಒಂದೊಂದೂ 512 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಈಗ ಬಿಡಿಯಾಗಿ ಸಿಗುವ ಎಷ್ಟೋ ಫೇಸ್ ಪಾರ್ಸಿಂಗ್ ಉಪಕರಣಗಳು ಕಲಿತದ್ದು ಈ ಸಂಗ್ರಹದಿಂದಲೇ. ಅದರ ಹಿನ್ನೆಲೆಯನ್ನು ಬಿಟ್ಟು ಉಳಿದ ಹದಿನೆಂಟು ಹೆಸರುಗಳು ಇವು:

```
skin  nose  eye_g  l_eye  r_eye  l_brow  r_brow
l_ear  r_ear  ear_r  mouth  u_lip  l_lip
hair  hat  neck  neck_l  cloth
```

ಇಲ್ಲಿ `eye_g` ಎಂದರೆ ಕನ್ನಡಕ, `ear_r` ಎಂದರೆ ಕಿವಿಯ ಆಭರಣ, `neck_l` ಎಂದರೆ ಕೊರಳಿನದು. `mouth` ಎಂದರೆ ತುಟಿಗಳ ನಡುವಿನ ಒಳಬಾಯಿ. ಈ ಪಟ್ಟಿಯಲ್ಲಿ ಇಲ್ಲದ ಹೆಸರುಗಳು ಯಾವುವು ಎಂಬುದು ಇರುವ ಹೆಸರುಗಳಷ್ಟೇ ಮುಖ್ಯ. ಅದಕ್ಕೆ ಮುಂದೆ ಬರಬಹುದು. ಮೊದಲು ಮಾಸ್ಕು ಕೈಗೆ ಬಂದ ಮೇಲೆ ಅದರಿಂದ ಏನು ಮಾಡುತ್ತಾರೆ ಎಂದು ನೋಡಬೇಕು.

ಒಂದು ಮದುವೆಯ ಫೋಟೋ

ಛತ್ರದ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮದುಮಗಳ ಫೋಟೋ ಒಂದನ್ನು ಊಹಿಸಿಕೊಳ್ಳಬಹುದು. ಮುಖದ ಮೇಲೆ ಹಸಿರು ಛಾಯೆ ಕೂತಿದೆ, ಮೇಕಪ್ಪು ಬೆವರಿಗೆ ಕರಗಿದೆ, ತುಟಿಯ ಬಣ್ಣ ಮಾಸಿದೆ. ಚರ್ಮವನ್ನು ತಿಳಿ ಮಾಡಿ, ತುಟಿಗೆ ಬಣ್ಣ ಕೊಟ್ಟು, ಹುಬ್ಬನ್ನು ಕೊಂಚ ಕಪ್ಪಾಗಿಸಬೇಕು. ಮುಖದ ಭಾಗ 2048 ಪಿಕ್ಸೆಲ್ ಅಗಲವಿದೆ ಎಂದಿಟ್ಟುಕೊಳ್ಳೋಣ.

ಚರ್ಮದಿಂದ ಪ್ರಾರಂಭ. ಬಣ್ಣದ ಅಂಕಿ 0ಯಿಂದ 255ರವರೆಗೆ ಹೋಗುತ್ತದೆ. ಕೆನ್ನೆಯ ಒಂದು ಚುಕ್ಕೆಯ ಅಂಕಿ 172, ಪಕ್ಕದ ರಂಧ್ರದ ನೆರಳಿನದು 151, ಸುತ್ತಲಿನ ಸರಾಸರಿ 160. ಈ ಸರಾಸರಿಯನ್ನು 168ಕ್ಕೆ ಏರಿಸಬೇಕು. 168ರ ಬಣ್ಣವನ್ನೇ ಆಲ್ಫಾ 0.6ರಲ್ಲಿ ಮೇಲೆ ಬಳಿದರೆ 172 ಇದ್ದದ್ದು ಸುಮಾರು 170 ಆಗುತ್ತದೆ, 151 ಇದ್ದದ್ದು 161 ಆಗುತ್ತದೆ. ಎರಡರ ನಡುವೆ 21 ಇದ್ದ ಅಂತರ ಎಂಟಕ್ಕೆ ಇಳಿಯಿತು. ಗೊಂಬೆಯ ಮುಖದಂತೆ ಕಾಣುವುದು ಇದರಿಂದಲೇ. ಅದರ ಬದಲು ಸರಾಸರಿಯನ್ನೂ ಅದರಿಂದಾದ ವ್ಯತ್ಯಾಸವನ್ನೂ ಬೇರೆ ಬೇರೆ ಇಟ್ಟುಕೊಂಡು ಸರಾಸರಿಯನ್ನು ಮಾತ್ರ ಬದಲಾಯಿಸಿದರೆ 172 ಇದ್ದದ್ದು 180, 151 ಇದ್ದದ್ದು 159. ಅಂತರ 21ರಲ್ಲೇ ನಿಂತಿತು. ಮುಖ ತಿಳಿಯಾಯಿತು, ಚರ್ಮ ಚರ್ಮವಾಗಿಯೇ ಉಳಿಯಿತು.

ತುಟಿಯಲ್ಲಿ ಇದೇ ತೊಂದರೆ ಹೊಳಪಿನ ರೂಪದಲ್ಲಿ ಬರುತ್ತದೆ. ಕೆಳದುಟಿಯ ನಡುವೆ ಬೆಳಕು ಬಿದ್ದ ಜಾಗದಲ್ಲಿ ಹಸಿರಿನ ಅಂಕಿ 200, ಉಳಿದ ತುಟಿಯಲ್ಲಿ 90 ಇದೆಯೆನ್ನೋಣ. ಹಸಿರಿನ ಅಂಕಿ 20 ಇರುವ ಗಾಢ ಕೆಂಪನ್ನು ಆಲ್ಫಾ 0.6ರಲ್ಲಿ ಬಳಿದರೆ ಅವು ಕ್ರಮವಾಗಿ 92 ಮತ್ತು 48 ಆಗುತ್ತವೆ. 110ರ ಅಂತರ 44ಕ್ಕೆ ಕುಸಿಯಿತು. ಒದ್ದೆ ಹೊಳಪಿದ್ದ ತುಟಿ ಕೆಂಪು ಕಾಗದ ಅಂಟಿಸಿದಂತಾಯಿತು. ತುಟಿಗೆ ಲ್ಯಾಬ್ ಲೆಕ್ಕದಲ್ಲಿ ಹೊಳಪಿನ ಅಂಕಿಯನ್ನು ಹೆಚ್ಚುಕಡಿಮೆ ಮುಟ್ಟದೆ ಬಣ್ಣದ ಎರಡು ಅಂಕಿಗಳನ್ನು ಮಾತ್ರ ಬದಲಾಯಿಸುವುದು ಇದಕ್ಕಾಗಿ. ಪಾರದರ್ಶಕ ಎಣ್ಣೆಬಣ್ಣ ಸ್ಟುಡಿಯೋದಲ್ಲಿ ಮಾಡುತ್ತಿದ್ದ ಕೆಲಸವೂ ಇದೇ. ಗಾಢ ಬಣ್ಣ ಬೇಕಾದರೆ ಇಡೀ ತುಟಿಯ ಹೊಳಪನ್ನು ಒಂದೇ ಪ್ರಮಾಣದಲ್ಲಿ ಇಳಿಸಿ, ಬೆಳಕಿನ ಚುಕ್ಕೆಯನ್ನು ಹಾಗೆಯೇ ಬಿಡುತ್ತಾರೆ. ಒಳಬಾಯಿಗೆ ಬೇರೆ ಮಾಸ್ಕು ಇರುವುದರ ಬೆಲೆ ಗೊತ್ತಾಗುವುದೂ ಇಲ್ಲೇ. ಅದಿಲ್ಲದಿದ್ದರೆ ನಗುವಾಗ ಹಲ್ಲಿಗೂ ಲಿಪ್‌ಸ್ಟಿಕ್ಕು ಹತ್ತುತ್ತದೆ.

ಹುಬ್ಬು ಬೇರೆಯೇ ಸಮಸ್ಯೆ. ಹುಬ್ಬಿನ ಮಾಸ್ಕಿನೊಳಗೆ ಇರುವುದು ಬರೀ ಕೂದಲಲ್ಲ. ಕೂದಲುಗಳ ನಡುವೆ ಚರ್ಮವೂ ಇಣುಕುತ್ತಿರುತ್ತದೆ. ಇಡೀ ಮಾಸ್ಕಿಗೆ ಕಪ್ಪು ಬಳಿದರೆ ಇದ್ದಿಲಿನಿಂದ ತೀಡಿದಂತಾಗುತ್ತದೆ. ಚರ್ಮಕ್ಕೆ ಮಾಡಿದ ನುಣುಪನ್ನು ಇಲ್ಲಿಗೂ ಮಾಡಿದರೆ ಕೂದಲೆಲ್ಲ ಕಲಸಿ ಬೂದು ಪಟ್ಟಿಯಾಗುತ್ತದೆ. ಆದ್ದರಿಂದ ಪ್ರತಿ ಪಿಕ್ಸೆಲ್‌ನಲ್ಲಿ ಕೂದಲು ಎಷ್ಟು, ಚರ್ಮ ಎಷ್ಟು ಎಂದು ಅಂದಾಜು ಮಾಡಿಕೊಳ್ಳುತ್ತಾರೆ. ಸುತ್ತಲಿನ ಚರ್ಮದ ಅಂಕಿ 170, ದಟ್ಟ ಕೂದಲಿನದು 60, ಈ ಪಿಕ್ಸೆಲ್ಲಿನದು 115 ಆದರೆ, ಅದು ಎರಡರ ಸರಿಯಾದ ನಡುವೆ ಇದೆ, ಅಂದರೆ ಅರ್ಧ ಕೂದಲು. ಕೂದಲಿನ ಬಣ್ಣವನ್ನು 40ಕ್ಕೆ ಇಳಿಸಿ, ತಿಳಿ ಮಾಡಿದ ಚರ್ಮ 178 ಆಗಿದ್ದರೆ, ಹೊಸ ಅಂಕಿ ಅವುಗಳ ಅರ್ಧರ್ಧ ಸೇರಿ 109. ಹುಬ್ಬು ಕಪ್ಪಾಯಿತು, ಎಳೆಗಳು ಎಳೆಗಳಾಗಿಯೇ ನಿಂತವು. ಮಾಸ್ಕು ಇಲ್ಲಿ ಮಾಡುವ ಕೆಲಸ ಇಷ್ಟೇ: ಈ ಲೆಕ್ಕವನ್ನು ಎಲ್ಲಿ ಮಾಡಬೇಕು ಎಂದು ಬೇಲಿ ಹಾಕುವುದು. ಒಳಗಿನ ಬೆರೆಕೆಯ ಪ್ರಮಾಣವನ್ನು ಹೇಳಬೇಕಾದದ್ದು ಫೋಟೋವೇ.

ತಲೆಗೂದಲಿನ ಅಂಚಿನಲ್ಲಿ ಈ ಬೇಲಿಯೂ ಸಾಲುವುದಿಲ್ಲ. 512ರ ಮಾಸ್ಕನ್ನು 2048ಕ್ಕೆ ಹಿಗ್ಗಿಸಿದಾಗ ಅದರ ಒಂದು ಪಿಕ್ಸೆಲ್ ಫೋಟೋದ ಹದಿನಾರು ಪಿಕ್ಸೆಲ್‌ಗಳನ್ನು ಮುಚ್ಚುತ್ತದೆ. ಹಣೆಯ ಮೇಲೆ ಹಾರುವ ಒಂದು ಎಳೆ ಕೂದಲು ಅದಕ್ಕಿಂತ ಎಷ್ಟೋ ಸಪೂರ. ಹಾಗಾಗಿ ಮಾಸ್ಕಿನ ಅಂಚನ್ನು ಒಳಗೂ ಹೊರಗೂ ಸ್ವಲ್ಪ ಸರಿಸಿ, ನಡುವೆ ಉಳಿದ ಪಟ್ಟಿಯನ್ನು 'ಗೊತ್ತಿಲ್ಲ' ಎಂದು ಗುರುತಿಸಿ, ಆ ಪಟ್ಟಿಯೊಳಗಿನ ಆಲ್ಫಾವನ್ನು ಫೋಟೋದ ಬಣ್ಣಗಳಿಂದಲೇ ಲೆಕ್ಕ ಹಾಕುತ್ತಾರೆ. ಮ್ಯಾಟಿಂಗ್ ಎಂಬ ಈ ವಿದ್ಯೆ ಫೇಸ್ ಪಾರ್ಸಿಂಗ್‌ಗಿಂತ ಹಳೆಯದು. ಅದಕ್ಕೆ ಬೇಕಾದ ಪಟ್ಟಿಯನ್ನು ಮೊದಲು ಮನುಷ್ಯರು ಕೈಯಿಂದ ಎಳೆಯಬೇಕಿತ್ತು, ಈಗ ಮಾಸ್ಕಿನಿಂದ ಅದು ತಾನಾಗಿ ಸಿಗುತ್ತದೆ.

ಇಲ್ಲಿ ಸುಲಭವಾಗಿ ಕಾಲು ಜಾರುವ ಒಂದು ಜಾಗವಿದೆ. ನರಜಾಲವು ಪ್ರತಿ ಪಿಕ್ಸೆಲ್‌ಗೂ ಒಂದೇ ಹೆಸರನ್ನು ಹೇಳುವುದಿಲ್ಲ. ಕೂದಲಿರುವ ಸಂಭವ 0.5, ಚರ್ಮವಿರುವ ಸಂಭವ 0.4 ಎಂಬಂತೆ ಎಲ್ಲ ಹೆಸರುಗಳಿಗೂ ಅಂಕಿ ಕೊಡುತ್ತದೆ. ಆ 0.5ನ್ನೇ ಆಲ್ಫಾ ಎಂದು ಬಳಸುವ ಆಸೆಯಾಗುತ್ತದೆ. ಆದರೆ ಅದು ಅರ್ಧ ಕೂದಲು ಎಂಬ ಮಾತಲ್ಲ, ಕೂದಲೋ ಅಲ್ಲವೋ ಎಂಬ ಅನುಮಾನ. ಕತ್ತಲಿನ ಹಿನ್ನೆಲೆಯಲ್ಲಿ ಪೂರ್ತಿ ಕೂದಲೇ ಇದ್ದರೂ ಜಾಲಕ್ಕೆ ಅನುಮಾನ ಬರಬಹುದು. ಆಗ ಗಟ್ಟಿ ಜಡೆಯೂ ಅರ್ಧ ಪಾರದರ್ಶಕವಾಗಿ ಹಿಂದಿನ ಗೋಡೆ ಕಾಣುತ್ತದೆ.

ಕೊನೆಯದಾಗಿ ಇವನ್ನೆಲ್ಲ ಕೂಡಿಸಬೇಕು. ಚರ್ಮದ ಮಾಸ್ಕಿನ ಅಂಚನ್ನು ಅಗಲವಾಗಿ ಮೆದುಗೊಳಿಸುತ್ತಾರೆ, ತುಟಿಯದನ್ನು ಕೆಲವೇ ಪಿಕ್ಸೆಲ್‌ಗಳಷ್ಟು. ಹೀಗೆ ಬೇರೆ ಬೇರೆ ಅಳತೆಯಲ್ಲಿ ಮೆದುಗೊಳಿಸಿದಾಗ ತುಟಿಯಂಚಿನ ಒಂದು ಪಿಕ್ಸೆಲ್‌ನಲ್ಲಿ ತುಟಿಯ ಪಾಲು 0.5, ಚರ್ಮದ ಪಾಲು 0.3 ಬರಬಹುದು. ಒಟ್ಟು 0.8. ಉಳಿದ 0.2 ಯಾರದ್ದೂ ಅಲ್ಲ. ಆದ್ದರಿಂದ ಅಲ್ಲಿ ಐದರಲ್ಲೊಂದು ಭಾಗ ಬೆಳಕು ಕಡಿಮೆಯಾಗಿ, ತುಟಿಯ ಸುತ್ತ ಸಪೂರ ಕಪ್ಪು ಗೆರೆ ಬರುತ್ತದೆ. ಒಟ್ಟು ಒಂದಕ್ಕಿಂತ ಹೆಚ್ಚಾದರೆ ಗೆರೆ ಬಿಳಿಯಾಗುತ್ತದೆ. ಪ್ರತಿ ಪಾಲನ್ನೂ ಒಟ್ಟಿನಿಂದ ಭಾಗಿಸಿ 0.625 ಮತ್ತು 0.375 ಮಾಡಿಕೊಂಡರೆ ಗೆರೆ ಹೋಗುತ್ತದೆ. ಸೇಬು-ಕಿತ್ತಳೆಯ ಕಾಲದ ಗೆರೆಯ ಸಮಸ್ಯೆ ಹೀಗೆ ಹಿಂದಿನ ಬಾಗಿಲಿನಿಂದ ಮತ್ತೆ ಒಳಗೆ ಬಂದಿರುತ್ತದೆ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಬಲ್ಲವರು ಮುಗಿದ ಚಿತ್ರವನ್ನು ದಿಟ್ಟಿಸುತ್ತಾ ಕೂರುವುದಿಲ್ಲ. ತಿದ್ದಿದ ಚಿತ್ರದಿಂದ ಮೂಲವನ್ನು ಕಳೆದು, ಉಳಿದ ವ್ಯತ್ಯಾಸವನ್ನು ಹತ್ತು ಪಟ್ಟು ಹೆಚ್ಚಿಸಿ ನೋಡುತ್ತಾರೆ. ಮುಟ್ಟದ ಜಾಗ ಪೂರ್ತಿ ಕಪ್ಪಾಗಿರಬೇಕು. ಕಣ್ಣಿನ ಗುಡ್ಡೆಯಲ್ಲಿ, ಹಲ್ಲಿನಲ್ಲಿ ಏನಾದರೂ ಮಿನುಗಿದರೆ ಮಾಸ್ಕು ಸೋರಿದೆ ಎಂದರ್ಥ.

ಪಟ್ಟಿಯಲ್ಲಿ ಇಲ್ಲದ್ದು

ಆ ಮದುಮಗಳ ವ್ಯತ್ಯಾಸದ ಚಿತ್ರದಲ್ಲಿ ಹಣೆಯ ನಡುವೆ ಒಂದು ಉಂಗುರ ಹೊಳೆಯುತ್ತದೆ. ಅಲ್ಲಿ ಕುಂಕುಮದ ಬೊಟ್ಟಿದೆ. ಹದಿನೆಂಟು ಹೆಸರುಗಳ ಪಟ್ಟಿಗೆ ಈಗ ಮರಳಿ ಹೋದರೆ ಕಾರಣ ತಿಳಿಯುತ್ತದೆ. ಕನ್ನಡಕವಿದೆ, ಟೋಪಿಯಿದೆ, ಓಲೆಯಿದೆ, ಸರವಿದೆ. ಬೊಟ್ಟು ಇಲ್ಲ, ವಿಭೂತಿ ಇಲ್ಲ, ಮೂಗುತಿ ಇಲ್ಲ. ಮೀಸೆ-ಗಡ್ಡಗಳೂ ಇಲ್ಲ. ಪ್ರತಿ ಪಿಕ್ಸೆಲ್‌ಗೂ ಪಟ್ಟಿಯೊಳಗಿನ ಒಂದು ಹೆಸರನ್ನೇ ಕೊಡಬೇಕಾದ್ದರಿಂದ ಹಣೆಯ ಬೊಟ್ಟು ಸಾಮಾನ್ಯವಾಗಿ `skin` ಆಗುತ್ತದೆ, ಮೂಗುತಿ `nose` ಆಗುತ್ತದೆ. ಚರ್ಮ ಎಂದ ಮೇಲೆ ಅದಕ್ಕೆ ಚರ್ಮದ ಗಣಿತವೇ.

ಆ ಗಣಿತ ಒಂದೊಂದಕ್ಕೆ ಒಂದೊಂದು ರೀತಿಯಲ್ಲಿ ತೊಂದರೆ ಕೊಡುತ್ತದೆ. ಸರಾಸರಿ ತೆಗೆಯುವಾಗ ಬೊಟ್ಟಿನ ಕೆಂಪು ಸುತ್ತಲಿನ ಹಣೆಯ ಸರಾಸರಿಯೊಳಗೆ ಸೇರಿಕೊಳ್ಳುತ್ತದೆ, ಬೊಟ್ಟಿನ ಸುತ್ತ ಕೆಂಪು ಮಸುಕಿನ ಬಳೆ ಮೂಡುತ್ತದೆ. ದೊಡ್ಡ ಅಂಚುಗಳನ್ನು ಉಳಿಸಿ ಸಣ್ಣ ಏರಿಳಿತವನ್ನು ಮಾತ್ರ ನುಣುಪು ಮಾಡುವ ಫಿಲ್ಟರ್ ಬಳಸಿದರೆ ಗಾಢ ಕುಂಕುಮ ಉಳಿದುಕೊಳ್ಳುತ್ತದೆ. ಆದರೆ ತಿಳಿ ಚರ್ಮದ ಮೇಲಿನ ಗಂಧದ ಗೆರೆಯಂತೆ ಚರ್ಮಕ್ಕೂ ಅದಕ್ಕೂ ಅಂತರ ಕಡಿಮೆಯಿದ್ದದ್ದು ಅಳಿಸಿಹೋಗುತ್ತದೆ. ಹರಳಿನ ಮೂಗುತಿಯ ಮಿಂಚನ್ನು ಕಲೆ ತೆಗೆಯುವ ಹಂತ ಕಲೆಯೆಂದೇ ಬಗೆದು ಒರೆಸಬಹುದು. ಮದುಮಗನ ಫೋಟೋದಲ್ಲಿ ಮೀಸೆ `skin` ಆಗಿ ನುಣುಪಾಗುತ್ತದೆ. ಹುಬ್ಬಿಗೆ ಸಿಕ್ಕ ಕೂದಲಿನ ಲೆಕ್ಕ ಮೀಸೆಗೆ ಸಿಗುವುದಿಲ್ಲ, ಎಣ್ಣೆ ಹಚ್ಚಿ ಒತ್ತಿದಂತೆ ಕಾಣುತ್ತದೆ.

ಹೆಸರು ಸೇರಿಸಿದರೆ ಸಾಕೇ? ಅಳತೆಯ ತೊಡಕೂ ಇದೆ. 512 ಪಿಕ್ಸೆಲ್ಲಿನ ಚಿತ್ರದಲ್ಲಿ ಮುಖ ಸುಮಾರು 300 ಪಿಕ್ಸೆಲ್ ಅಗಲ ತುಂಬಿದರೆ, ಒಂದು ಮಿಲಿಮೀಟರಿಗೆ ಸಿಗುವುದು ಹೆಚ್ಚುಕಡಿಮೆ ಎರಡು ಪಿಕ್ಸೆಲ್. ಎರಡು ಮಿಲಿಮೀಟರಿನ ಸ್ಟಿಕ್ಕರ್ ಬಿಂದಿಗೆ ನಾಲ್ಕು ಪಿಕ್ಸೆಲ್. ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಬೈಸೆನೆಟ್ ಎಂಬ 2018ರ ಜಾಲವು ಬೀದಿಯ ದೃಶ್ಯಗಳಂಥ ಚಿತ್ರಗಳನ್ನು ವೇಗವಾಗಿ ಬಿಡಿಸಲು ಹುಟ್ಟಿದ್ದು. ಅದು ತನ್ನ ಉತ್ತರವನ್ನು ಚಿತ್ರದ ಎಂಟನೆಯ ಒಂದರಷ್ಟು ಅಳತೆಯಲ್ಲಿ ಸಿದ್ಧಪಡಿಸಿ ಆಮೇಲೆ ಹಿಗ್ಗಿಸುತ್ತದೆ. ನಾಲ್ಕು ಪಿಕ್ಸೆಲ್ಲಿನ ಬಿಂದಿ ಅಲ್ಲಿ ಅರ್ಧ ಚೌಕವೂ ಆಗುವುದಿಲ್ಲ. ಹೆಸರಿದ್ದರೂ ಕಣ್ಣಿಗೆ ಬೀಳುವುದು ಕಷ್ಟ.

ಆದ್ದರಿಂದ ಮದುವೆಯ ಫೋಟೋಗಳ ಮೇಲೆ ಕೆಲಸ ಮಾಡುವಾಗ ಚರ್ಮದ ಮಾಸ್ಕನ್ನು ಹಾಗೆಯೇ ನಂಬದೆ ಅದರೊಳಗೆ ಇನ್ನೊಂದು ಜರಡಿ ಹಿಡಿಯಬಹುದು. ಹಣೆ-ಮೂಗಿನ ಭಾಗದಲ್ಲಿ ಚರ್ಮದ ಬಣ್ಣದಿಂದ ದೂರವಿರುವ ಪಿಕ್ಸೆಲ್‌ಗಳ ಗುಂಪನ್ನು ಮೂಲ ಅಳತೆಯ ಫೋಟೋದಲ್ಲೇ ಹುಡುಕಿ, ಅವನ್ನು ಮಾಸ್ಕಿನಿಂದ ಕತ್ತರಿಸಿ ಹೊರಗಿಡುವುದು. ಸರಾಸರಿ ತೆಗೆಯುವಾಗಲೂ ಅವನ್ನು ಲೆಕ್ಕಕ್ಕೆ ಸೇರಿಸದಿರುವುದು. ಗಾಢ ಬೊಟ್ಟಿಗೆ ಇದು ಚೆನ್ನಾಗಿ ನಡೆಯುತ್ತದೆ. ಚರ್ಮದ ಬಣ್ಣಕ್ಕೇ ಹತ್ತಿರವಾದ ಗಂಧಕ್ಕೆ ನಡೆಯುವುದಿಲ್ಲ, ಅದನ್ನು ಕೈಯಿಂದಲೇ ಗುರುತಿಸಬೇಕು. ಮೊಡವೆಯ ಕೆಂಪನ್ನೂ ಕುಂಕುಮದ ಕೆಂಪನ್ನೂ ಬಣ್ಣವೊಂದರಿಂದಲೇ ಬೇರ್ಪಡಿಸಲೂ ಆಗುವುದಿಲ್ಲ. ಗುಂಡಗಿದೆಯೇ, ಹಣೆಯ ನಡುವಿದೆಯೇ ಎಂದು ಆಕಾರ ಮತ್ತು ಜಾಗವನ್ನೂ ಕೇಳಬೇಕು.

ಪೂರ್ತಿ ಪರಿಹಾರ ಬೇಕಾದರೆ 2020ರ ಸಂಗ್ರಹಕ್ಕೆ ಮಾಡಿದ ಕೆಲಸವನ್ನೇ ಬೇರೆ ಮುಖಗಳ ಮೇಲೆ ಮತ್ತೆ ಮಾಡಬೇಕು. ಬೊಟ್ಟಿಟ್ಟ, ಮೂಗುತಿ ತೊಟ್ಟ, ಮೀಸೆ ಬಿಟ್ಟ ಮುಖಗಳ ಸಾವಿರಾರು ಫೋಟೋಗಳನ್ನು ಕೂಡಿಸಿ, ಒಂದೊಂದರಲ್ಲೂ ಅವನ್ನು ಕೈಯಿಂದ ಗೆರೆ ಎಳೆದು ಗುರುತಿಸಿ, ಪಟ್ಟಿಗೆ ಹೊಸ ಹೆಸರುಗಳನ್ನು ಸೇರಿಸಿ, ದೊಡ್ಡ ಅಳತೆಯಲ್ಲಿ ಜಾಲಕ್ಕೆ ಕಲಿಸಬೇಕು. ಸ್ಟುಡಿಯೋದ ಬಣ್ಣಗಾರನ ಕೈಯಲ್ಲಿ ಪಟ್ಟಿ ಇರಲಿಲ್ಲ. ಕೆನ್ನೆಗೆ ಹತ್ತಿ ಉಜ್ಜುತ್ತ ಹಣೆಗೆ ಬಂದಾಗ ಬೊಟ್ಟಿನ ಸುತ್ತ ಕೈ ತಾನಾಗಿ ನಿಲ್ಲುತ್ತಿತ್ತು, ಕೆಂಪು ತುಂಬಲು ಸಪೂರ ಕುಂಚವೇ ಬರುತ್ತಿತ್ತು. ಸದ್ಯಕ್ಕೆ ಆ ನಿಲ್ಲುವಿಕೆಯನ್ನು ಪ್ರತಿ ಫೋಟೋದಲ್ಲೂ ಯಾರಾದರೂ ವ್ಯತ್ಯಾಸದ ಚಿತ್ರ ತೆರೆದು, ಹಣೆಯ ನಡುವೆ ಉಂಗುರ ಹೊಳೆಯುತ್ತಿದೆಯೇ ಎಂದು ನೋಡಿಯೇ ತರಬೇಕಾಗಿದೆ.